ಮುಂಗಡ ಕೇಳುವ ಬಡಗಿಯ ಲೆಕ್ಕ

ಹೊಸ ಗಿರಾಕಿಯೊಬ್ಬರು 60,000 ರೂಪಾಯಿಯ ವಾರ್ಡ್‌ರೋಬ್ ಮಾಡಿಸುತ್ತಾರೆ ಎನ್ನಿ. ಪ್ಲೈವುಡ್, ಲ್ಯಾಮಿನೇಟ್, ಕೀಲುಗಳಿಗೇ 35,000 ಬೇಕು. ಅವರ ಗೋಡೆಯ ಅಳತೆಗೆ ಕೊಯ್ದ ಹಲಗೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮುಂಗಡ ಸಾಮಾನಿನ ಬೆಲೆಗಿಂತ ಕಡಿಮೆ ಇರಬಾರದು. ಇದನ್ನು ಅಳತೆ ತೆಗೆದ ದಿನವೇ ಕೊಟೇಶನ್ನಿನಲ್ಲಿ ಬರೆದುಕೊಡಬೇಕು. ಕೆಲಸ ಶುರುವಾದ ಮೇಲೆ ಕೇಳಿದರೆ ಜಗಳ.

‘ನಿಮ್ಮ ಪರಿಚಯವೇ ಇಲ್ಲ, ಹೇಗೆ ಕೊಡೋದು?’ ಎಂದರೆ ಮುನಿಯಬೇಡಿ. ಆ ಭಯ ನ್ಯಾಯವಾದದ್ದೇ. ‘ಸಾರ್, ನನ್ನ ಕೈಗೆ ಕೊಡಬೇಡಿ. ಪ್ಲೈವುಡ್ ಅಂಗಡಿಗೆ ನನ್ನ ಜೊತೆ ಬನ್ನಿ, ಬಿಲ್ ನಿಮ್ಮ ಹೆಸರಲ್ಲೇ ಆಗಲಿ, ದುಡ್ಡು ನೀವೇ ಕಟ್ಟಿ. ಸಾಮಾನು ನಿಮ್ಮ ಮನೇಲೇ ಇಳಿಯುತ್ತೆ. ನನ್ನ ಕೂಲಿ 25,000ದಲ್ಲಿ ಚೌಕಟ್ಟು ನಿಂತಾಗ ಅರ್ಧ ಕೊಡಿ, ಬಾಗಿಲು ಕೂರಿಸಿದ ಮೇಲೆ ಉಳಿದದ್ದು’ ಎನ್ನಿ. ಇದಕ್ಕೂ ಒಪ್ಪದವರ ಕೆಲಸ ಹಿಡಿಯಬೇಡಿ.