ಕೊಡುವುದು ಇಪ್ಪತ್ತೈದಕ್ಕೆ, ಕೈಗೆ ಬರುವುದು ಇಪ್ಪತ್ತನಾಲ್ಕು ಚಿಲ್ಲರೆ

ಹತ್ತು ಸಾವಿರ ರೂಪಾಯಿಗೆ ಪತ್ರ ಬರೆಸಿಕೊಂಡು, ಖರ್ಚಿನ ಬಾಬ್ತು ಮುನ್ನೂರು ಮುರಿದುಕೊಂಡು, ಉಳಿದದ್ದನ್ನು ಕೈಗಿಡುವ ಸಾಲಗಾರರು ನಮ್ಮ ಊರುಗಳಲ್ಲಿ ಇದ್ದೇ ಇದ್ದಾರೆ. ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರಕ್ಕೆ. ಹಾಗಾಗಿ ಪತ್ರದಲ್ಲಿ ಬರೆದ ಬಡ್ಡಿದರಕ್ಕಿಂತ ನಿಜವಾದ ದರ ಸ್ವಲ್ಪ ಹೆಚ್ಚೇ ಆಗಿರುತ್ತದೆ. ಆದ್ಯತಾ ಷೇರು ಮಾರಿ ಹಣ ಎತ್ತುವ ಕಂಪನಿಯೂ ತನ್ನ ಬಂಡವಾಳದ ವೆಚ್ಚವನ್ನು ಹೀಗೆಯೇ ಅಳೆಯಬೇಕು.

ಆದ್ಯತಾ ಷೇರು ಅರ್ಧ ಸಾಲ, ಅರ್ಧ ಷೇರು. ಅದರ ಲಾಭಾಂಶ ಮೊದಲೇ ಗೊತ್ತುಮಾಡಿದ್ದು. ಸಾಮಾನ್ಯ ಷೇರುದಾರರಿಗೆ ಬಿಡಿಗಾಸು ಹಂಚುವ ಮುನ್ನ ಇವರಿಗೆ ಸಲ್ಲಬೇಕು. ಅಮೆರಿಕದ ಬ್ಯಾಂಕುಗಳು ಇಂಥ ಷೇರುಗಳನ್ನು ಜನಸಾಮಾನ್ಯರಿಗೆ ಹೆಚ್ಚಾಗಿ 25 ಡಾಲರ್ ಬೆಲೆಗೆ ಮಾರುತ್ತವೆ. ಅವುಗಳಲ್ಲಿ ಬಹುಪಾಲಿಗೆ ಅಸಲು ಹಿಂತಿರುಗಿಸುವ ದಿನಾಂಕವೇ ಇಲ್ಲ. ಅಸಲು ಮರಳುವುದಿಲ್ಲ ಎಂದಮೇಲೆ ಹೂಡಿಕೆದಾರನಿಗೆ ಸಿಗುವುದು ಕೊನೆಯಿಲ್ಲದ ಲಾಭಾಂಶದ ಸಾಲು ಮಾತ್ರ. ಆದ್ದರಿಂದ ಲೆಕ್ಕವೂ ಸರಳ: ವರ್ಷದ ಲಾಭಾಂಶವನ್ನು ಬೆಲೆಯಿಂದ ಭಾಗಿಸಿದರೆ ದರ ಸಿಕ್ಕಿತು. 25 ಡಾಲರಿನ ಷೇರಿಗೆ ವರ್ಷಕ್ಕೆ 1.50 ಡಾಲರ್ ಕೊಟ್ಟರೆ ಕೊಂಡವನಿಗೆ ಶೇ 6 ಗಳಿಕೆ.

ಮಾರಿದ ಕಂಪನಿಗೆ ತಗಲುವ ವೆಚ್ಚ ಶೇ 6 ಅಲ್ಲ. ಷೇರುಗಳನ್ನು ಮಾರಿಕೊಡುವ ಅಂಡರ್‌ರೈಟರ್‌ಗಳಿಗೆ ಕಮಿಷನ್ ಕೊಡಬೇಕು. ಇಂಥ ಷೇರಿಗೆ ಸಾಮಾನ್ಯವಾಗಿ ಕಾಣುವ ಶೇ 3.15ರ ಕಮಿಷನ್ ಹಿಡಿದರೆ ಒಂದು ಷೇರಿಗೆ 78.75 ಸೆಂಟ್ ಆಗುತ್ತದೆ. ಕಂಪನಿಯ ಕೈಗೆ ನಿವ್ವಳ ಬರುವುದು 24.2125 ಡಾಲರ್. ಲಾಭಾಂಶ ಅದೇ 1.50. ಈ ನಿವ್ವಳ ಮೊತ್ತದಿಂದ ಭಾಗಿಸಿದರೆ ಸುಮಾರು ಶೇ 6.20 ಬರುತ್ತದೆ. ಇದೇ ಕಂಪನಿಯ ವೆಚ್ಚ.

ಶೇ 6ಕ್ಕೆ ಶೇ 3.15 ಕೂಡಿಸಿ 9.15 ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಕಮಿಷನ್ ಹೋಗುವುದು ಒಂದೇ ಸಲ, ಲಾಭಾಂಶ ಹೋಗುವುದು ಪ್ರತಿ ವರ್ಷ. ಒಂದು ಸಲದ ಖರ್ಚನ್ನು ವರ್ಷವರ್ಷದ ದರಕ್ಕೆ ನೇರವಾಗಿ ಕೂಡಿಸಲಾಗದು. ಬೆಲೆಯ ವಿಷಯದಲ್ಲೂ ಎಡವುವವರಿದ್ದಾರೆ. ಮಾರುಕಟ್ಟೆಯಲ್ಲಿ ಬಡ್ಡಿದರ ಏರಿ, ಇದೇ ಷೇರು 20 ಡಾಲರಿಗೆ ಇಳಿದಿದೆ ಎನ್ನಿ. ಇಂದು ಹೊಸದಾಗಿ ಹಣ ಎತ್ತುವ ವೆಚ್ಚ ತಿಳಿಯಲು ಹಳೆಯ 25ರ ಬೆಲೆ ಪ್ರಯೋಜನಕ್ಕೆ ಬಾರದು. 20ರಿಂದ ಅದೇ ಪ್ರಮಾಣದ ಕಮಿಷನ್ ಕಳೆದರೆ 19.37 ಉಳಿಯುತ್ತದೆ, ವೆಚ್ಚ ಶೇ 7.74ಕ್ಕೆ ಏರುತ್ತದೆ.

ತೆರಿಗೆಯ ಮಾತೂ ಇದೆ. ಸಾಲಪತ್ರಕ್ಕೆ ಶೇ 6 ಬಡ್ಡಿ ಕಟ್ಟುವ ಅಮೆರಿಕದ ಕಂಪನಿ ಆ ಬಡ್ಡಿಯನ್ನು ಖರ್ಚಿಗೆ ಹಾಕಿಕೊಳ್ಳಬಹುದಾದರೆ, ಶೇ 21ರ ಕೇಂದ್ರ ತೆರಿಗೆ ಉಳಿದು ನಿಜ ವೆಚ್ಚ ಶೇ 4.74ಕ್ಕೆ ಇಳಿಯುತ್ತದೆ. ಲಾಭಾಂಶಕ್ಕೆ ಈ ಸೌಲಭ್ಯವಿಲ್ಲ. ಶೇ 6.20 ಹಾಗೆಯೇ ನಿಲ್ಲುತ್ತದೆ.

ಈ ಸೂತ್ರದ ಹಿಂದೆ ಒಂದು ಊಹೆ ಇದೆ: ಕಮಿಷನ್ನಿನ ಭಾರ ಕೊನೆಯಿಲ್ಲದಷ್ಟು ವರ್ಷಗಳಿಗೆ ಹಂಚಿಹೋಗುತ್ತದೆ ಎಂಬುದು. ಆದರೆ ಇಂಥ ಷೇರುಗಳನ್ನು ಐದು ವರ್ಷದ ನಂತರ 25 ಡಾಲರ್ ಕೊಟ್ಟು ಹಿಂಪಡೆಯುವ ಹಕ್ಕನ್ನು ಕಂಪನಿಗಳು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತವೆ. ಬಡ್ಡಿದರ ಇಳಿದರೆ ಆ ಹಕ್ಕು ಚಲಾಯಿಸುತ್ತವೆ. ಆಗ 24.2125 ಪಡೆದ ಕಂಪನಿ ಐದು ವರ್ಷ 1.50ರಂತೆ ಕೊಟ್ಟು, ಕೊನೆಗೆ 25 ಹಿಂತಿರುಗಿಸಿದಂತಾಗುತ್ತದೆ. ವೆಚ್ಚ ಸುಮಾರು ಶೇ 6.76. ಅದೇ ಕಮಿಷನ್ ಐದೇ ವರ್ಷದ ಮೇಲೆ ಬಿದ್ದದ್ದರಿಂದ ಈ ಏರಿಕೆ.

ಕೊನೆಯಿಲ್ಲದ ಷೇರು ಎಷ್ಟು ಬೇಗ ಕೊನೆಗೊಳ್ಳಬಹುದು ಎಂಬುದಕ್ಕೆ ಗೋಲ್ಡ್‌ಮನ್ ಸ್ಯಾಕ್ಸ್ ಸಾಕ್ಷಿ. 2008ರ ಬಿಕ್ಕಟ್ಟಿನಲ್ಲಿ ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹಾಥವೇ ಅದರ 500 ಕೋಟಿ ಡಾಲರಿನ ಆದ್ಯತಾ ಷೇರು ಕೊಂಡಿತು. ಲಾಭಾಂಶ ಶೇ 10. ವಾಯಿದೆ ಇರಲಿಲ್ಲ. ಆದರೂ 2011ರಲ್ಲಿ ಗೋಲ್ಡ್‌ಮನ್ ಒಪ್ಪಂದದಂತೆ ಶೇ 10 ಹೆಚ್ಚುವರಿ ಸೇರಿಸಿ 550 ಕೋಟಿ ಡಾಲರ್ ಕೊಟ್ಟು ಅವನ್ನು ಬಿಡಿಸಿಕೊಂಡಿತು. ನಿಗದಿತ ಬೆಲೆಗೆ ಸಾಮಾನ್ಯ ಷೇರು ಕೊಳ್ಳುವ ಹಕ್ಕನ್ನೂ ಬರ್ಕ್‌ಶೈರ್ ಪಡೆದಿತ್ತು. ಶೇ 10 ಎಂಬ ಅಂಕಿ ಅಲ್ಲಿ ಪೂರ್ತಿ ಕಥೆ ಹೇಳಲಿಲ್ಲ.

ಭಾರತದಲ್ಲಂತೂ ವಾಯಿದೆಯಿಲ್ಲದ ಆದ್ಯತಾ ಷೇರು ಹೊರಡಿಸಲು 2013ರ ಕಂಪನಿ ಕಾಯ್ದೆಯ 55ನೇ ಕಲಂ ಅವಕಾಶ ಕೊಡುವುದಿಲ್ಲ. 20 ವರ್ಷದೊಳಗೆ ಹಣ ಮರಳಿಸಬೇಕು. ಮೂಲಸೌಕರ್ಯ ಯೋಜನೆಗಳಿಗೆ ಮಾತ್ರ ವಿನಾಯಿತಿ ಇದೆ. ಆದ್ದರಿಂದ ಪಠ್ಯದ ಸರಳ ಸೂತ್ರವನ್ನು ನಮ್ಮ ಕಂಪನಿಗೆ ಹಚ್ಚುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ: ನಿವ್ವಳ ಕೈಗೆ ಬಂದದ್ದೆಷ್ಟು, ಅಸಲು ಮರಳಿಸುವುದು ಯಾವಾಗ. ಮರಳಿಸುವ ದಿನ ಗೊತ್ತಿದ್ದರೆ ಆ ಮೊತ್ತವನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.