ಉದ್ದರಿಗೆ ಮುನ್ನ ವಿಚಾರಣೆ

ಹುಂಡಿಯಾಗಲಿ ಒತ್ತೆಯಾಗಲಿ ಇಲ್ಲದೆ ಕೇವಲ ಖಾತೆಗೆ ಬರೆದು ಸರಕು ಕೊಡುವಾಗ, ಮಾರುವವನಿಗೆ ಗಿರಾಕಿಯ ಪಾವತಿಯ ಅಭ್ಯಾಸವೊಂದೇ ಆಧಾರ. ಹೊಸ ಗಿರಾಕಿಯ ಅಭ್ಯಾಸವನ್ನು ಬಲ್ಲವರು ಆತನಿಗೆ ಈಗಾಗಲೇ ಸರಕು ಒದಗಿಸುತ್ತಿರುವ ವರ್ತಕರು. ಆದುದರಿಂದ ಅವರಿಗೆ ಪತ್ರ ಬರೆದು ವಿಚಾರಿಸುವುದು ವಾಡಿಕೆ.

‘ಇವರು ನಂಬಿಕಸ್ಥರೇ?’ ಎಂಬ ಪ್ರಶ್ನೆಗೆ ಬರುವ ಸೌಜನ್ಯದ ಉತ್ತರದಿಂದ ಪ್ರಯೋಜನವಿಲ್ಲ. ಖಾತೆಯಲ್ಲಿರುವುದನ್ನೇ ಕೇಳಬೇಕು: ವ್ಯವಹಾರ ಎಷ್ಟು ವರ್ಷದ್ದು, ಒಪ್ಪಿದ ವಾಯಿದೆ ಎಷ್ಟು, ಹಣ ಸಂದುದು ಎಷ್ಟನೆಯ ದಿನ, ಒಮ್ಮೆಗೆ ನಿಂತ ಅತ್ಯಧಿಕ ಬಾಕಿ ಎಷ್ಟು.

ಕಾಂಚೀಪುರದ ಹೊಸ ಗಿರಾಕಿಯೊಬ್ಬನು ಬೆಂಗಳೂರಿನ ರೇಷ್ಮೆನೂಲಿನ ವರ್ತಕನಲ್ಲಿ 30 ದಿನಗಳ ವಾಯಿದೆಗೆ 4,00,000 ರೂಪಾಯಿಗಳ ನೂಲನ್ನು ಕೇಳಿದನೆಂದು ಭಾವಿಸೋಣ. ಆತ ಹೆಸರಿಸಿದ ಇಬ್ಬರು ವರ್ತಕರೂ ‘ಹಣ ವಾಯಿದೆಯೊಳಗೆ ಸಂದಿದೆ’ ಎಂದು ಬರೆದರು. ಆದರೆ ಇಬ್ಬರಲ್ಲಿಯೂ ಬಾಕಿ 40,000 ರೂಪಾಯಿಗಳನ್ನು ಮೀರಿರಲಿಲ್ಲ. ಈ ಸಾಕ್ಷ್ಯವು ಅಷ್ಟು ಮೊತ್ತಕ್ಕೆ ಮಾತ್ರ ಸಲ್ಲುತ್ತದೆ. ಇದಲ್ಲದೆ ಸಾಕ್ಷಿಗಳನ್ನು ಆರಿಸಿದವನು ಗಿರಾಕಿಯೇ. ಎರಡು ಖಾತೆಗಳನ್ನು ಚೊಕ್ಕಟವಾಗಿಟ್ಟು ಉಳಿದವರನ್ನು ಕಾಯಿಸುವುದು ಹಳೆಯ ಉಪಾಯ. ಆದುದರಿಂದ ವರ್ತಕನು ಪೇಟೆಯಲ್ಲಿ ಕೇಳಿ ತಿಳಿದು, ಪಟ್ಟಿಯಲ್ಲಿಲ್ಲದ ಜರಿ ವ್ಯಾಪಾರಿಗೂ ಬರೆದನು. ಮೊದಲು 32ನೆಯ ದಿನಕ್ಕೆ ಬರುತ್ತಿದ್ದ ಹಣ, ಕಡೆಯ ಮೂರು ಬಿಲ್ಲುಗಳಿಗೆ 75ನೆಯ ದಿನಕ್ಕೆ ಬಂದಿತ್ತು.

ಗಿರಾಕಿ ವಂಚಕನೆಂದು ಇದರಿಂದ ಸಿದ್ಧವಾಗದು. ಆತನ ಕೈ ಬಿಗಿಯಾಗುತ್ತಿದೆಯೆಂಬುದು ಮಾತ್ರ ತೋರುತ್ತದೆ. ಮೊದಲ ಸರಕನ್ನು ನಗದಿಗೆ ಕೊಟ್ಟು, ಬಳಿಕ 40,000 ರೂಪಾಯಿಗಳ ಮಿತಿಯಲ್ಲಿ ಉದ್ದರಿ ಆರಂಭಿಸಿ, ಪಾವತಿಯನ್ನು ನೋಡಿ ಏರಿಸುವುದು ಉಚಿತ. ಉತ್ತರ ಬರೆದವರು ಜಾಮೀನುದಾರರಲ್ಲ. ಅವರು ಹೇಳಬಲ್ಲುದು ಕಳೆದುದನ್ನು ಮಾತ್ರ.