ಗೋಡೆ ದಾಟಿದ ಮೇಲೂ ತಗುಲುವ ಗುಂಡು

ಮೊಬೈಲ್‌ನಲ್ಲಿ ಶೂಟಿಂಗ್ ಆಟ ಆಡುವವರ ಬಾಯಲ್ಲಿ ಪದೇ ಪದೇ ಕೇಳುವ ದೂರೊಂದಿದೆ: 'ನಾನಾಗಲೇ ಗೋಡೆ ಹಿಂದೆ ಹೋಗ್ಬಿಟ್ಟಿದ್ದೆ ಕಣೋ, ಆದ್ರೂ ಹೊಡೆದ!' ಹೊಡೆದವನನ್ನು ಕೇಳಿದರೆ, ಎದುರಾಳಿ ತನ್ನ ಪರದೆಯಲ್ಲಿ ಬಯಲಲ್ಲೇ ಓಡುತ್ತಿದ್ದ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ಪರದೆ ತೋರಿಸಿದ ಕ್ಷಣಗಳೇ ಬೇರೆ ಬೇರೆ.

ಇಂಥ ಆಟಗಳಲ್ಲಿ ಯಾರು ಎಲ್ಲಿದ್ದಾರೆ, ಯಾರಿಗೆ ಗುಂಡು ತಗುಲಿತು ಎಂಬುದನ್ನು ತೀರ್ಮಾನಿಸುವುದು ಸರ್ವರ್. ಫೋನಿನ ಮಾತನ್ನೇ ನಂಬಿದರೆ ಮೋಸಗಾರರಿಗೆ ಬಾಗಿಲು ತೆರೆದಂತೆ. ಆದರೆ ಪಿಂಗ್ 80 ಮಿಲಿಸೆಕೆಂಡು ಇದ್ದರೆ, ಬೆರಳು ಒತ್ತಿದ ಸುದ್ದಿ ಸರ್ವರ್ ಮುಟ್ಟಿ ಉತ್ತರ ಬರಲು ಅಷ್ಟು ಹೊತ್ತು ಬೇಕು. ಪ್ರತಿ ಹೆಜ್ಜೆಗೂ ಹಾಗೆ ಕಾದರೆ ಪಾತ್ರ ಕೆಸರಿನಲ್ಲಿ ನಡೆದಂತೆ ಅನಿಸುತ್ತದೆ.

ಇಂಟರ್ನೆಟ್ ನಿಧಾನವಾಗಿದ್ದ 1996ರಲ್ಲೇ ಜಾನ್ ಕಾರ್ಮ್ಯಾಕ್ 'ಕ್ವೇಕ್‌ವರ್ಲ್ಡ್' ಆಟದಲ್ಲಿ ಇದಕ್ಕೊಂದು ದಾರಿ ಮಾಡಿದರು. ಆಟಗಾರ ಬೆರಳಾಡಿಸಿದ ತಕ್ಷಣ ಅವನ ಯಂತ್ರವೇ ಪಾತ್ರವನ್ನು ಮುಂದೆ ಸರಿಸುತ್ತದೆ. ಸರ್ವರ್ ಏನು ಹೇಳಬಹುದೆಂದು ಮೊದಲೇ ಊಹಿಸುತ್ತದೆ. ಇದೇ ಕ್ಲೈಂಟ್ ಪ್ರಿಡಿಕ್ಷನ್. ಪ್ರತಿ ಚಲನೆಗೂ ಒಂದು ಕ್ರಮಸಂಖ್ಯೆ ಕೊಟ್ಟು ಸರ್ವರ್‌ಗೆ ಕಳಿಸಿ, ಪ್ರತಿಯೊಂದನ್ನು ಫೋನ್ ತನ್ನಲ್ಲೂ ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ 60 ಚಲನೆ ಕಳಿಸುವ ಆಟದಲ್ಲಿ, 80 ಪಿಂಗ್ ಇದ್ದಾಗ ಸುಮಾರು ಐದು ಚಲನೆಗಳು ಸದಾ ಉತ್ತರಕ್ಕಾಗಿ ಕಾಯುತ್ತಿರುತ್ತವೆ. 'ನೂರನೆಯದರವರೆಗೆ ಮುಗಿಸಿದೆ, ನೀನು ಇಲ್ಲಿದ್ದೀಯ' ಎಂದು ಸರ್ವರ್ ತಿಳಿಸಿದಾಗ, ಫೋನ್ ಪಾತ್ರವನ್ನು ಆ ಜಾಗಕ್ಕೆ ತಂದು, 101ರಿಂದ 105ರವರೆಗಿನ ಚಲನೆಗಳನ್ನು ಒಂದೇ ಫ್ರೇಮಿನಲ್ಲಿ ಮತ್ತೆ ನಡೆಸುತ್ತದೆ. ಊಹೆ ಸರಿಯಿದ್ದರೆ ಕಣ್ಣಿಗೆ ಏನೂ ಕಾಣದು. ನಡುವೆ ಇನ್ನೊಬ್ಬ ಅಡ್ಡ ಬಂದು ಡಿಕ್ಕಿಯಾಗಿದ್ದರೆ ಮಾತ್ರ ಪಾತ್ರ ಹಿಂದಕ್ಕೆ ಜಗ್ಗಿದಂತಾಗುತ್ತದೆ.

ತನ್ನ ಬೆರಳು ಏನು ಮಾಡಿತೆಂದು ಫೋನಿಗೆ ಗೊತ್ತು, ಎದುರಾಳಿಯ ಬೆರಳಿನ ಸಂಗತಿ ಗೊತ್ತಿಲ್ಲ. ಹಾಗಾಗಿ ಉಳಿದವರನ್ನು ಅದು ಊಹಿಸುವುದಿಲ್ಲ, ಬೇಕೆಂದೇ ತುಸು ತಡವಾಗಿ ತೋರಿಸುತ್ತದೆ. ಸರ್ವರ್ ಸೆಕೆಂಡಿಗೆ 30 ಬಾರಿ ಸ್ಥಿತಿ ಕಳಿಸುವುದಾದರೆ ಎರಡು ಕಂತುಗಳಷ್ಟು, ಅಂದರೆ ಸುಮಾರು 66 ಮಿಲಿಸೆಕೆಂಡು ಹಿಂದುಳಿದು, ಬಂದಿರುವ ಸ್ಥಾನಗಳ ನಡುವೆ ನಯವಾಗಿ ಚಲಿಸುವ ಚಿತ್ರ ಬಿಡಿಸುತ್ತದೆ.

ಈಗ ಗುಂಡಿನ ಲೆಕ್ಕ. ಇಬ್ಬರಿಗೂ 80 ಪಿಂಗ್, ಓಡುವವನ ವೇಗ ಸೆಕೆಂಡಿಗೆ ಆರು ಮೀಟರ್ ಎಂದಿಟ್ಟುಕೊಳ್ಳೋಣ. ಹೊಡೆಯುವವನ ಪರದೆಯಲ್ಲಿ ಕಾಣುವ ದೃಶ್ಯ ಸರ್ವರ್‌ನಿಂದ ಬರಲು 40, ನಯ ಮಾಡಲು 66 ಮಿಲಿಸೆಕೆಂಡು ಹಳೆಯದು. ಗುಂಡು ಹಾರಿಸಿದ ಸುದ್ದಿ ಸರ್ವರ್ ತಲುಪಲು ಮತ್ತೆ 40. ಒಟ್ಟು 146. ಅಷ್ಟರಲ್ಲಿ ಓಡುವವನು ಸುಮಾರು 90 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಆಳಿನ ಅಗಲಕ್ಕಿಂತ ಇದು ಹೆಚ್ಚು. ಸರಿಯಾಗಿ ಗುರಿಯಿಟ್ಟ ಗುಂಡೂ ಗಾಳಿಗೆ ಹೋಗುತ್ತದೆ. ಅದಕ್ಕಾಗಿ ಸರ್ವರ್ ಎಲ್ಲರ ಇತ್ತೀಚಿನ ಸ್ಥಾನಗಳನ್ನು ನೆನಪಿಟ್ಟುಕೊಂಡಿರುತ್ತದೆ. ಗುಂಡಿನ ಸುದ್ದಿ ಬಂದೊಡನೆ ಎದುರಾಳಿಗಳನ್ನು 146 ಮಿಲಿಸೆಕೆಂಡು ಹಿಂದಿದ್ದ ಜಾಗದಲ್ಲಿ ನಿಲ್ಲಿಸಿ, ತಗುಲಿತೇ ಎಂದು ನೋಡಿ, ಮರಳಿ ಈಗಿನ ಜಾಗಕ್ಕೆ ತರುತ್ತದೆ. ಇದು ಲ್ಯಾಗ್ ಕಾಂಪೆನ್ಸೇಶನ್. 'ಹಾಫ್-ಲೈಫ್'ಗಾಗಿ ವಾಲ್ವ್ ಕಂಪನಿ ಮಾಡಿದ ಈ ಕೆಲಸವನ್ನು ಯಾನ್ ಬರ್ನಿಯರ್ 2001ರಲ್ಲಿ ವಿವರವಾಗಿ ಬರೆದರು.

ಬೆಲೆ ತೆರುವವನು ಓಡುತ್ತಿದ್ದಾತ. ಅವನ ಪರದೆ ಊಹೆಯಿಂದಾಗಿ ಸರ್ವರ್‌ಗಿಂತ 40 ಮಿಲಿಸೆಕೆಂಡು ಮುಂದಿತ್ತು. ಸತ್ತ ಸುದ್ದಿ ತಲುಪಲು ಇನ್ನೊಂದು 40. ಒಟ್ಟು 226. ತನಗೆ ಗುಂಡು ಬಿದ್ದ ಜಾಗದಿಂದ ಅವನು 1.3 ಮೀಟರಿಗೂ ಹೆಚ್ಚು ಮುಂದೆ, ಗೋಡೆಯ ಮರೆಯಲ್ಲಿರುತ್ತಾನೆ.

ಮೊಬೈಲ್‌ನಲ್ಲಿ ಇನ್ನೊಂದು ತೊಡಕಿದೆ. ಬಸ್ಸಿನಲ್ಲಿ ಟವರ್‌ನಿಂದ ಟವರ್‌ಗೆ ಜಿಗಿಯುವ ಫೋನಿನ ಪಿಂಗ್ ಒಂದೇ ಸಮನೆ ಇರುವುದಿಲ್ಲ. ಪ್ಯಾಕೆಟ್‌ಗಳು ಕೆಲಹೊತ್ತು ತಡೆದು ಒಮ್ಮೆಲೇ ಬಂದರೆ ಆ 66 ಮಿಲಿಸೆಕೆಂಡಿನ ದಾಸ್ತಾನು ಬರಿದಾಗುತ್ತದೆ. ಸ್ಥಿರವಾದ 90 ಪಿಂಗ್‌ಗಿಂತ 40ರಿಂದ 200ಕ್ಕೆ ಹೊಯ್ದಾಡುವ ಪಿಂಗ್ ಹೆಚ್ಚು ಕಾಡುವುದು ಇದಕ್ಕೇ. ಯಾವುದು ಕೆಟ್ಟಿದೆಯೆಂದು ಪರದೆ ನೋಡಿಯೇ ಸಾಕಷ್ಟು ಹೇಳಬಹುದು. ನಿಮ್ಮ ಪಾತ್ರವೇ ಹಿಂದಕ್ಕೆ ಜಗ್ಗಿದರೆ ಊಹೆ ತಪ್ಪಿದೆ. ಎದುರಾಳಿಗಳು ನಿಂತು ನಿಂತು ನೆಗೆದರೆ ದಾಸ್ತಾನು ಸಾಲದಾಗಿದೆ. ಮರೆಯಲ್ಲಿದ್ದಾಗ ಸತ್ತರೆ, ಅದು ಸರ್ವರ್ ಕಾಲವನ್ನು ಹಿಂದೆ ಸರಿಸಿದ ಫಲ.

ಎಷ್ಟು ಹಿಂದೆ ಸರಿಸಬೇಕು ಎಂಬುದಕ್ಕೆ ಮಿತಿ ಬೇಕೇ ಬೇಕು. ವಾಲ್ವ್‌ನ ಸೋರ್ಸ್ ಎಂಜಿನ್‌ನಲ್ಲಿ `sv_maxunlag` ಎಂಬ ಆಯ್ಕೆ ಇದನ್ನು ನಿರ್ಧರಿಸುತ್ತದೆ. ಅದರ ಮೂಲ ಬೆಲೆ ಒಂದು ಸೆಕೆಂಡು. ಆರು ಮೀಟರ್ ವೇಗದವನು ಅಷ್ಟರಲ್ಲಿ ಒಂದು ಕೋಣೆಯನ್ನೇ ದಾಟಿರುತ್ತಾನೆ. ಮಿತಿಯನ್ನು 200 ಮಿಲಿಸೆಕೆಂಡಿಗೆ ಇಳಿಸಿದರೆ ಗೋಡೆಯ ಹಿಂದಿನ ಸಾವುಗಳು ತಗ್ಗುತ್ತವೆ. ಆದರೆ ಮೇಲಿನ ಲೆಕ್ಕದ ಆಟದಲ್ಲಿ 134ಕ್ಕಿಂತ ಹೆಚ್ಚು ಪಿಂಗ್ ಇರುವವರು ಎದುರಾಳಿಯ ಮೈಗಲ್ಲ, ಅವನ ಮುಂದಿನ ಖಾಲಿ ಜಾಗಕ್ಕೆ ಗುರಿಯಿಡುವುದನ್ನು ಕಲಿಯಬೇಕಾಗುತ್ತದೆ.